ಕೆ-ಫೋಲ್ಡ್‌ನಲ್ಲಿ ಗೆದ್ದ ಮಾದರಿ ಅಡಿಕೆ ಮಾರುಕಟ್ಟೆಯಲ್ಲಿ ಸೋಲುವುದೇಕೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವಳು, ಎಂ.ಎಸ್ಸಿ. ಓದುತ್ತಿದ್ದೇನೆ. ಶಿವಮೊಗ್ಗ ಮಾರುಕಟ್ಟೆಯ ರಾಶಿ ಅಡಿಕೆಯ ಆರು ವರ್ಷಗಳ ದಿನವಹಿ ಧಾರಣೆ ಇಟ್ಟುಕೊಂಡು, ಏಳು ಮಾರುಕಟ್ಟೆ ದಿನಗಳ ನಂತರದ ಧಾರಣೆ ಹೇಳುವ ರ‍್ಯಾಂಡಮ್ ಫಾರೆಸ್ಟ್ ಮಾದರಿ ಮಾಡಿದೆ. ಸಾಲುಗಳನ್ನು ಕಲಸಿ 5-ಫೋಲ್ಡ್ ಕ್ರಾಸ್-ವ್ಯಾಲಿಡೇಶನ್ ಮಾಡಿದಾಗ ಸರಾಸರಿ ತಪ್ಪು ಕ್ವಿಂಟಲ್‌ಗೆ 300 ರೂಪಾಯಿಯೊಳಗೆ ಬಂತು. ಕಳೆದ ಮೂರು ತಿಂಗಳು ನಿಜವಾಗಿ ಬಳಸಿ ನೋಡಿದರೆ 1,500 ದಾಟುತ್ತಿದೆ. ಇದು ನಂಬಬಹುದಾದ ಪರೀಕ್ಷೆ ಎಂದೇ ಓದಿದ್ದೆ. ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಮಾದರಿ ಮೂರು ತಿಂಗಳಿನಿಂದ ಕೆಟ್ಟಿದ್ದಲ್ಲ, ಅದು ಮೊದಲಿನಿಂದಲೂ ಹೆಚ್ಚುಕಡಿಮೆ ಇಷ್ಟೇ ಇದ್ದಿರಬೇಕು. ಸಾಲುಗಳನ್ನು ಕಲಸಿ ಮಾಡಿದ ಪರೀಕ್ಷೆಯಲ್ಲಿ, ಯಾವ ದಿನದ ಧಾರಣೆಯನ್ನು ಊಹಿಸಬೇಕೆಂದು ಮಾದರಿಯನ್ನು ಕೇಳಲಾಯಿತೋ ಅದರ ಹಿಂದಿನ ದಿನದ ಮತ್ತು ಮರುದಿನದ ಧಾರಣೆಗಳು ತರಬೇತಿಯಲ್ಲೇ ಅದರ ಕೈಸೇರಿದ್ದವು. ಈಗ ನಿಜವಾದ ಬಳಕೆಯಲ್ಲಿ ಆ ನೆರವು ಸಿಗುತ್ತಿಲ್ಲ. ಕೆ-ಫೋಲ್ಡ್ ಪದ್ಧತಿ ಸ್ವತಃ ತಪ್ಪಲ್ಲ, ಆದರೆ ಅದು ಒಂದು ಪೂರ್ವಕಲ್ಪನೆಯ ಮೇಲೆ ನಿಂತಿದೆ, ಮತ್ತು ಧಾರಣೆಯಂಥ ದತ್ತಾಂಶ ಆ ಪೂರ್ವಕಲ್ಪನೆಗೆ ಒಗ್ಗುವುದಿಲ್ಲ.

ಮೊದಲು ಆ ಪದ್ಧತಿ ಮಾಡುವ ಕೆಲಸವನ್ನೇ ನೋಡೋಣ. ವರ್ಷಕ್ಕೆ ಸುಮಾರು 250 ಮಾರುಕಟ್ಟೆ ದಿನಗಳೆಂದು ಹಿಡಿದರೆ ಆರು ವರ್ಷಕ್ಕೆ 1,500 ಸಾಲುಗಳಾಗುತ್ತವೆ. ಪ್ರತಿ ಸಾಲಿನ ಒಂದು ಬದಿಯಲ್ಲಿ ಆ ದಿನ ನಿಮಗೆ ತಿಳಿದಿರುವ ಸಂಗತಿಗಳು, ಅಂದರೆ ಆ ದಿನದ ಧಾರಣೆ, ಹಿಂದಿನ ಐದು ದಿನಗಳ ಸರಾಸರಿ, ಆವಕದ ಪ್ರಮಾಣ ಮುಂತಾದವು ಇರುತ್ತವೆ. ಇನ್ನೊಂದು ಬದಿಯಲ್ಲಿ ಏಳು ಮಾರುಕಟ್ಟೆ ದಿನಗಳ ನಂತರದ ಧಾರಣೆ, ಅಂದರೆ ಮಾದರಿ ಕಲಿಯಬೇಕಾದ ಉತ್ತರ ಇರುತ್ತದೆ. 5-ಫೋಲ್ಡ್ ಎಂದರೆ ಈ 1,500 ಸಾಲುಗಳನ್ನು 300ರಂತೆ ಐದು ಪಾಲು ಮಾಡುವುದು. ಮೊದಲನೆಯ ಪಾಲನ್ನು ಬದಿಗಿಟ್ಟು ಉಳಿದ 1,200 ಸಾಲುಗಳಿಂದ ಮಾದರಿಗೆ ತರಬೇತಿ ಕೊಡುತ್ತೇವೆ, ಬದಿಗಿಟ್ಟ 300ರ ಮೇಲೆ ತಪ್ಪನ್ನು ಅಳೆಯುತ್ತೇವೆ. ಆ ಮಾದರಿಯನ್ನು ಅಲ್ಲಿಗೇ ಬಿಟ್ಟು, ಎರಡನೆಯ ಪಾಲನ್ನು ಬದಿಗಿಟ್ಟು ಹೊಸದೊಂದು ಮಾದರಿಯನ್ನು ಮೊದಲಿನಿಂದ ಕಟ್ಟುತ್ತೇವೆ. ಹೀಗೆ ಐದು ಸಲ ಮಾಡಿದಾಗ ಪ್ರತಿಯೊಂದು ಸಾಲೂ ಒಂದೇ ಒಂದು ಸಲ ಪರೀಕ್ಷೆಗೆ ಒಳಗಾಗಿರುತ್ತದೆ ಮತ್ತು ನಾಲ್ಕು ಸಲ ತರಬೇತಿಗೆ ಬಳಕೆಯಾಗಿರುತ್ತದೆ. ಐದು ತಪ್ಪುಗಳ ಸರಾಸರಿಯೇ ನಿಮಗೆ ಸಿಕ್ಕ ಅಂಕಿ. ಒಂದೇ ಸಲ ಪಾಲು ಮಾಡಿ ಅಳೆದರೆ ಪರೀಕ್ಷೆಯ ಪಾಲಿಗೆ ಸುಲಭದ ಸಾಲುಗಳೇ ಬಿದ್ದು ಅಂಕಿ ಚೆನ್ನಾಗಿ ಕಾಣಬಹುದು; ಐದು ಸಲ ಅಳೆದಾಗ ಆ ಅದೃಷ್ಟದ ಪಾತ್ರ ಕಡಿಮೆಯಾಗುತ್ತದೆ. ಪದ್ಧತಿಯ ಲಾಭ ಇಷ್ಟೇ, ಆದರೆ ಇದು ಸಣ್ಣ ಲಾಭವಲ್ಲ.

ಇದೆಲ್ಲ ಸರಿಯಾಗಬೇಕಾದರೆ ಒಂದು ಸಾಲು ಇನ್ನೊಂದರ ಬಗ್ಗೆ ಏನನ್ನೂ ಹೇಳಬಾರದು, ಸಾಲುಗಳ ಕ್ರಮವನ್ನು ಅದಲುಬದಲು ಮಾಡಿದರೂ ದತ್ತಾಂಶದ ಅರ್ಥ ಕೆಡಬಾರದು. ಮಲೆನಾಡಿನ ಬೇರೆ ಬೇರೆ ತೋಟಗಳಿಂದ ಒಂದೊಂದರಂತೆ ತಂದ ಮಣ್ಣಿನ ಮಾದರಿಗಳಾದರೆ ಅದು ಸರಿಸುಮಾರು ನಿಜ. ಒಂದು ತೋಟದ ಮಣ್ಣಿನ ಹುಳಿ ಎಷ್ಟೆಂಬುದು ಪಟ್ಟಿಯಲ್ಲಿ ಅದರ ಮುಂದಿನ ಸಾಲಿನಲ್ಲಿರುವ ತೋಟಕ್ಕೆ ಸಂಬಂಧಿಸಿದ್ದಲ್ಲ. ಇವತ್ತಿನ ರಾಶಿ ಧಾರಣೆ ಹಾಗಲ್ಲ. ಅದು ನಿನ್ನೆಯದಕ್ಕೆ ಅಂಟಿಕೊಂಡಿರುತ್ತದೆ, ನಾಳೆಯದು ಇವತ್ತಿನದಕ್ಕೆ ಅಂಟಿಕೊಂಡಿರುತ್ತದೆ.

ಈ ಅಂಟು ಪರೀಕ್ಷೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಮೂರೇ ಸಾಲುಗಳಲ್ಲಿ ನೋಡಬಹುದು. ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. 800, 801, 802ನೆಯ ದಿನಗಳ ಧಾರಣೆ ಕ್ರಮವಾಗಿ 48,250, 48,300 ಮತ್ತು 48,340 ರೂಪಾಯಿ ಇದ್ದವೆನ್ನಿ. ಆಮೇಲಿನ ವಾರ ಧಾರಣೆ ಏರಿತು; 807ನೆಯ ದಿನ 49,100, 808ನೆಯ ದಿನ 49,180, 809ನೆಯ ದಿನ 49,300 ಆಯಿತು. ಹಾಗಾದರೆ 800ನೆಯ ಸಾಲಿನ ಉತ್ತರ 49,100, 801ರ ಉತ್ತರ 49,180, 802ರ ಉತ್ತರ 49,300. ಕಲಸಿದ ಮೇಲೆ 801ನೆಯ ಸಾಲು ಪರೀಕ್ಷೆಯ ಪಾಲಿಗೂ, ಅದರ ಅಕ್ಕಪಕ್ಕದ ಎರಡು ಸಾಲುಗಳು ತರಬೇತಿಯ ಪಾಲಿಗೂ ಬಿದ್ದವು. ಈಗ ಮಾದರಿಯನ್ನು 801ರ ಬಗ್ಗೆ ಕೇಳಿದಾಗ, ತಾನು ಕಂಡ ಸಾಲುಗಳಲ್ಲಿ ಇದಕ್ಕೆ ತೀರ ಹತ್ತಿರವಾದವು ಯಾವುವೆಂದು ಅದು ಹುಡುಕುತ್ತದೆ. ರ‍್ಯಾಂಡಮ್ ಫಾರೆಸ್ಟ್‌ನ ಪ್ರತಿ ಮರವೂ ಮೂಲತಃ ಮಾಡುವುದು ಇದನ್ನೇ. ಸಿಗುವುದು 800 ಮತ್ತು 802. ಅವುಗಳ ಉತ್ತರಗಳ ಸರಾಸರಿ 49,200, ತಪ್ಪು ಬರೀ 20 ರೂಪಾಯಿ.

ಆದರೆ 801ನೆಯ ದಿನ ಸಂಜೆ ಮಂಡಿಯಲ್ಲಿ ನಿಂತ ಯಾರಿಗೂ 807ನೆಯ ದಿನದ ಧಾರಣೆ ತಿಳಿದಿರಲಿಲ್ಲ, 809ನೆಯ ದಿನದ್ದಂತೂ ತಿಳಿದಿರಲು ಸಾಧ್ಯವೇ ಇಲ್ಲ. ಆ ಸಂಜೆ ‘ವಾರದ ಮೇಲೂ ಇದೇ ಧಾರಣೆ ಇರುತ್ತದೆ’ ಎಂದು ಹೇಳಿದವರ ತಪ್ಪು 880 ರೂಪಾಯಿ ಆಗುತ್ತಿತ್ತು. ಮಾದರಿಯ 20 ರೂಪಾಯಿಯ ತಪ್ಪು ಮುನ್ಸೂಚನೆಯ ಜಾಣ್ಮೆಯಿಂದ ಬಂದದ್ದಲ್ಲ, ಎರಡು ತುದಿ ತಿಳಿದಿದ್ದಾಗ ನಡುವಿನದನ್ನು ತುಂಬಿದ್ದರಿಂದ ಬಂದದ್ದು. ನಿಮ್ಮ 300 ರೂಪಾಯಿಯಲ್ಲಿ ದೊಡ್ಡ ಪಾಲು ಇಂಥ ತುಂಬುವಿಕೆಯದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದು ಎಲ್ಲೋ ಒಂದೆರಡು ಸಾಲುಗಳಿಗೆ ಆಗುವ ಆಕಸ್ಮಿಕವೂ ಅಲ್ಲ. ಐದು ಪಾಲುಗಳಲ್ಲಿ ಪಕ್ಕದ ಒಂದು ಸಾಲು ತರಬೇತಿಗೆ ಬೀಳುವ ಸಾಧ್ಯತೆ ಐದರಲ್ಲಿ ನಾಲ್ಕು. ಹಾಗಾಗಿ ಎರಡೂ ಪಕ್ಕದ ಸಾಲುಗಳು ತರಬೇತಿಯಲ್ಲಿರುವ ಸಾಧ್ಯತೆ ಸುಮಾರು ನೂರಕ್ಕೆ 64, ಒಂದಾದರೂ ಇರುವ ಸಾಧ್ಯತೆ ನೂರಕ್ಕೆ 96. ಫೋಲ್ಡ್‌ಗಳನ್ನು ಹತ್ತಕ್ಕೆ ಏರಿಸಿದರೆ ಪರಿಸ್ಥಿತಿ ಸುಧಾರಿಸುವುದಿಲ್ಲ, ಬಿಗಡಾಯಿಸುತ್ತದೆ. ಎರಡೂ ಪಕ್ಕದವು ಸಿಗುವ ಸಾಧ್ಯತೆ ಆಗ ನೂರಕ್ಕೆ 81.

ನೀವು ದಿನಾಂಕವನ್ನು ಮಾದರಿಗೆ ಕೊಟ್ಟಿಲ್ಲದಿರಬಹುದು, ಹಾಗಿದ್ದ ಮೇಲೆ ಅಕ್ಕಪಕ್ಕದ ದಿನಗಳನ್ನು ಅದು ಗುರುತಿಸುವುದಾದರೂ ಹೇಗೆ ಎಂಬ ಸಂದೇಹ ಬರುವುದು ಸಹಜ. ಆ ದಿನದ ಧಾರಣೆ, ಐದು ದಿನಗಳ ಸರಾಸರಿ, ಮೂವತ್ತು ದಿನಗಳ ಸರಾಸರಿ ಇವು ಮೂರೂ ಸೇರಿದರೆ ದಿನಾಂಕದ ಕೆಲಸವನ್ನು ಬಹುಮಟ್ಟಿಗೆ ಮಾಡಿಬಿಡುತ್ತವೆ. 48,300 ರೂಪಾಯಿ ಧಾರಣೆ ಆರು ವರ್ಷಗಳಲ್ಲಿ ಹಲವು ಸಲ ಬಂದಿರಬಹುದು, ಆದರೆ ಐದು ದಿನಗಳ ಸರಾಸರಿ 48,120 ಮತ್ತು ಮೂವತ್ತು ದಿನಗಳ ಸರಾಸರಿ 47,460 ಇದ್ದಾಗ ಬಂದ 48,300 ಬಹುಶಃ ಒಂದೇ ವಾರದ್ದು. ಮೂವತ್ತು ದಿನಗಳ ಸರಾಸರಿ ಒಂದು ದಿನದಿಂದ ಮರುದಿನಕ್ಕೆ ಕೆಲವೇ ರೂಪಾಯಿ ಸರಿಯುವುದರಿಂದ ಅದು ಕ್ಯಾಲೆಂಡರಿನ ಪುಟವಿದ್ದಂತೆ.

ಎರಡನೆಯ ಹಾನಿ ಇಷ್ಟು ಕಣ್ಣಿಗೆ ಬೀಳುವುದಿಲ್ಲ. ರ‍್ಯಾಂಡಮ್ ಫಾರೆಸ್ಟ್ ಕೊಡುವ ಉತ್ತರ ಯಾವಾಗಲೂ ತರಬೇತಿಯಲ್ಲಿ ಕಂಡ ಉತ್ತರಗಳ ಸರಾಸರಿ. ತಾನು ಕಂಡ ಅತಿ ಹೆಚ್ಚಿನ ಧಾರಣೆಗಿಂತ ಹೆಚ್ಚಿನದನ್ನು ಅದು ಎಂದೂ ಹೇಳಲಾರದು. ಆರು ವರ್ಷಗಳನ್ನು ಕಲಸಿದಾಗ ಅತಿ ಕೆಳಗಿನ ಧಾರಣೆಯಿಂದ ಅತಿ ಮೇಲಿನದರವರೆಗೆ ಎಲ್ಲವೂ ಪ್ರತಿ ಸಲದ ತರಬೇತಿಯಲ್ಲೂ ಇರುತ್ತವೆ, ಆದ್ದರಿಂದ ಈ ಮಿತಿ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮಾರುಕಟ್ಟೆಯಾದರೋ ಹಳೆಯ ಎಲ್ಲೆಗಳನ್ನು ದಾಟುತ್ತಿರುತ್ತದೆ. ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇಂಥ ನಿರ್ಧಾರದ ಆಚೀಚೆಯ ದಿನಗಳು ಒಂದೇ ಮಾರುಕಟ್ಟೆಯ ದಿನಗಳಲ್ಲ. ಕಲಸಿದ ಪರೀಕ್ಷೆಯಲ್ಲಿ 2022ರ ದಿನವೊಂದನ್ನು ಊಹಿಸುವ ಮಾದರಿಗೆ ನಿರ್ಧಾರದ ನಂತರದ ಧಾರಣೆಗಳೂ ಗೊತ್ತಿರುತ್ತವೆ. ಬದಲಾವಣೆ ಎದುರಾದಾಗ ಮಾದರಿ ಎಷ್ಟು ತತ್ತರಿಸುತ್ತದೆ ಎಂಬುದು, ಬೆಳೆಗಾರರಿಗೆ ಅತಿ ಮುಖ್ಯವಾದ ಆ ಪ್ರಶ್ನೆ, ಕೇಳದೇ ಉಳಿಯುತ್ತದೆ. ಧಾರಣೆಯ ಬದಲು ಏಳು ದಿನಗಳಲ್ಲಿ ಆಗುವ ಏರಿಳಿತವನ್ನು, ಅಂದರೆ ವ್ಯತ್ಯಾಸವನ್ನು ಊಹಿಸುವಂತೆ ಮಾದರಿಯನ್ನು ಬದಲಿಸಿಕೊಂಡರೆ ಈ ಎಲ್ಲೆಯ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ನಾನಾದರೆ ಹಾಗೆಯೇ ಮಾಡುತ್ತೇನೆ.

ಕಲಸದೇ ಬಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಸೈಕಿಟ್-ಲರ್ನ್‌ನ `KFold` ತಾನಾಗಿ ಕಲಸುವುದಿಲ್ಲ. `shuffle=True` ಎಂದು ಹೇಳಿದರೆ ಮಾತ್ರ ಕಲಸುತ್ತದೆ. ಕಲಸದಿದ್ದರೆ ಪ್ರತಿ ಪಾಲೂ 300 ದಿನಗಳ ಒಂದು ಅಖಂಡ ತುಂಡಾಗುತ್ತದೆ, ಅಕ್ಕಪಕ್ಕದ ದಿನಗಳ ಸೋರಿಕೆ ತುಂಡಿನ ಎರಡು ಅಂಚುಗಳಿಗೆ ಸೀಮಿತವಾಗುತ್ತದೆ. ಇದು ಖಂಡಿತ ಮೇಲು. ಆದರೂ ಮೂರನೆಯ ತುಂಡನ್ನು ಪರೀಕ್ಷಿಸುವಾಗ ನಾಲ್ಕು ಮತ್ತು ಐದನೆಯ ತುಂಡುಗಳು ತರಬೇತಿಯಲ್ಲಿರುತ್ತವೆ, ಮೊದಲ ತುಂಡನ್ನಂತೂ ಪೂರ್ತಿಯಾಗಿ ಅದರ ಭವಿಷ್ಯದಿಂದಲೇ ಕಲಿತ ಮಾದರಿ ಊಹಿಸುತ್ತದೆ. ಐದರಲ್ಲಿ ಕೊನೆಯ ತುಂಡೊಂದೇ ನೀವು ನಿಜವಾಗಿ ಎದುರಿಸುವ ಪರಿಸ್ಥಿತಿಗೆ ಹೋಲುತ್ತದೆ.

ಆದ್ದರಿಂದ ಬದಲಾಗಬೇಕಾದ್ದು ಪಾಲು ಮಾಡುವ ನಿಯಮ: ಪರೀಕ್ಷೆಯ ಸಾಲುಗಳು ಯಾವಾಗಲೂ ತರಬೇತಿಯ ಸಾಲುಗಳ ನಂತರದ ಕಾಲದವಾಗಿರಬೇಕು. ಸೈಕಿಟ್-ಲರ್ನ್‌ನಲ್ಲಿ ಇದಕ್ಕೆ `TimeSeriesSplit` ಇದೆ. 1,500 ಸಾಲುಗಳಿಗೆ `n_splits=5` ಎಂದು ಕೊಟ್ಟರೆ ಅದು ದತ್ತಾಂಶವನ್ನು 250ರ ಆರು ತುಂಡುಗಳಾಗಿ ನೋಡುತ್ತದೆ. ಮೊದಲು 1ರಿಂದ 250ರವರೆಗಿನ ಸಾಲುಗಳಿಂದ ಕಲಿತು 251ರಿಂದ 500ರವರೆಗೆ ಊಹಿಸುತ್ತದೆ. ಆಮೇಲೆ ಮೊದಲ 500ರಿಂದ ಕಲಿತು ಮುಂದಿನ 250ನ್ನು ಊಹಿಸುತ್ತದೆ. ಹೀಗೆ ಕೊನೆಯ ಸಲ 1,250 ಸಾಲುಗಳಿಂದ ಕಲಿತು ಕೊನೆಯ 250ನ್ನು ಊಹಿಸುತ್ತದೆ. ಮೊದಲ 250 ಸಾಲುಗಳು ಎಂದೂ ಪರೀಕ್ಷೆಗೆ ಒಳಗಾಗುವುದಿಲ್ಲ, ಏಕೆಂದರೆ ಅವುಗಳಿಗಿಂತ ಹಿಂದೆ ಕಲಿಯಲು ಏನೂ ಇಲ್ಲ. ನಿಮ್ಮ ದತ್ತಾಂಶದಲ್ಲಿ 250 ಸಾಲು ಎಂದರೆ ಹೆಚ್ಚುಕಡಿಮೆ ಒಂದು ವರ್ಷವಾಗಿರುವುದು ಅನುಕೂಲವೇ ಆಯಿತು. ಪ್ರತಿ ಪರೀಕ್ಷೆಯ ತುಂಡಿನಲ್ಲೂ ಕೊಯ್ಲಿನ ಕಾಲ ಮತ್ತು ಮಳೆಗಾಲ ಎರಡೂ ಬರುತ್ತವೆ.

ಇಷ್ಟಕ್ಕೇ ನಿಂತರೆ ಒಂದು ಸಣ್ಣ ಬಿರುಕು ಉಳಿಯುತ್ತದೆ, ಮತ್ತು ಅದನ್ನು ಬಹಳ ಜನ ಗಮನಿಸುವುದಿಲ್ಲ. ತರಬೇತಿಯ ಕೊನೆಯ ಸಾಲು 500ನೆಯದೆನ್ನಿ. ಅದರ ಉತ್ತರ 507ನೆಯ ದಿನದ ಧಾರಣೆ. ಪರೀಕ್ಷೆ ಶುರುವಾಗುವುದು 501ರಿಂದ. ಅಂದರೆ 501ನೆಯ ದಿನ ನಿಂತು ಊಹಿಸುವ ಮಾದರಿ 507ನೆಯ ದಿನದ ಧಾರಣೆಯನ್ನು ಆಗಲೇ ಕಂಡಿದೆ. ಸಾಲಿನ ದಿನಾಂಕ ಹಿಂದಿನದಾದರೂ ಅದರ ಉತ್ತರ ಮುಂದಿನದು ಎಂಬುದೇ ಇಲ್ಲಿನ ತೊಡಕು. 501ನೆಯ ದಿನದ ಧಾರಣೆ ಪ್ರಕಟವಾದ ಮೇಲೆ ಊಹಿಸುತ್ತೀರಿ ಎಂದಿಟ್ಟುಕೊಂಡರೆ, ಆ ಹೊತ್ತಿಗೆ ಉತ್ತರ ತಿಳಿದಿರುವ ಕೊನೆಯ ಸಾಲು 494ನೆಯದು. ನಡುವಿನ 495ರಿಂದ 500ರವರೆಗಿನ ಆರು ಸಾಲುಗಳನ್ನು ತರಬೇತಿಯಿಂದ ತೆಗೆಯಬೇಕು. ಧಾರಣೆ ಪ್ರಕಟವಾಗುವ ಮುನ್ನ, ಬೆಳಿಗ್ಗೆಯೇ ಊಹಿಸುವುದಾದರೆ ಏಳು ಸಾಲು. ಒಂದು ಸಾಲು ಹೆಚ್ಚು ತೆಗೆದರೆ ನಷ್ಟವಿಲ್ಲದ್ದರಿಂದ `gap=7` ಎಂದು ಬರೆಯುವುದು ಕ್ಷೇಮ. ಆಗ ತರಬೇತಿಯ ಗಾತ್ರಗಳು 243, 493, 743, 993, 1,243 ಆಗುತ್ತವೆ. ಏಳರ ಬದಲು ಮೂವತ್ತು ದಿನಗಳ ನಂತರದ ಧಾರಣೆ ಬೇಕೆಂದರೆ ಈ ಅಂತರವೂ ಮೂವತ್ತಕ್ಕೆ ಏರಬೇಕು.

ನಾನು ಹೇಳಿದ್ದನ್ನು ನಂಬಿ ಬಿಡಬೇಡಿ, ಸರಿಯಾದ ಉತ್ತರ ಮೊದಲೇ ಗೊತ್ತಿರುವ ದತ್ತಾಂಶದ ಮೇಲೆ ಇದನ್ನು ಪರಿಶೀಲಿಸಿ ನೋಡಿ. ಯಾರಿಂದಲೂ ಊಹಿಸಲಾಗದ ಧಾರಣೆಯೊಂದನ್ನು ನಾವೇ ತಯಾರಿಸೋಣ: ಪ್ರತಿ ದಿನದ ಏರಿಳಿತ ಹಿಂದಿನದಕ್ಕೆ ಯಾವ ಸಂಬಂಧವೂ ಇಲ್ಲದ, 200 ರೂಪಾಯಿ ಪ್ರಮಾಣಿತ ವಿಚಲನೆಯ ಯಾದೃಚ್ಛಿಕ ಸಂಖ್ಯೆಯಾಗಿರಲಿ. ಏಳು ದಿನಗಳ ಒಟ್ಟು ವ್ಯತ್ಯಾಸದ ವಿಚಲನೆ 200ನ್ನು ಏಳರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 529. ಇಂಥ ದತ್ತಾಂಶಕ್ಕೆ ‘ಏನೂ ಬದಲಾಗದು’ ಎಂಬುದೇ ಅತ್ಯುತ್ತಮ ಊಹೆ, ಮತ್ತು ಅದರ ಸರಾಸರಿ ತಪ್ಪು 529ರ 0.8 ಪಟ್ಟಿನಷ್ಟು, ಅಂದರೆ ಸುಮಾರು 422 ರೂಪಾಯಿ. ಸ್ವಲ್ಪ ಆಚೀಚೆ ಬಿಟ್ಟರೆ ಇದಕ್ಕಿಂತ ಕೆಳಗಿನ ಅಂಕಿಯನ್ನು ಯಾವ ಮಾದರಿಯೂ ಪ್ರಾಮಾಣಿಕವಾಗಿ ಪಡೆಯಲಾರದು.

```python
import numpy as np
from sklearn.ensemble import RandomForestRegressor
from sklearn.model_selection import (
    KFold, TimeSeriesSplit, cross_val_score)

rng = np.random.default_rng(7)
p = 48000 + np.cumsum(rng.normal(0, 200, 1507))
t = np.arange(1500)
X = np.column_stack([t, p[:1500]])
y = p[7:1507] - p[:1500]

model = RandomForestRegressor(n_estimators=200, random_state=1)
for cv in (KFold(5, shuffle=True, random_state=1),
           TimeSeriesSplit(n_splits=5, gap=7)):
    s = cross_val_score(model, X, y, cv=cv,
                        scoring="neg_mean_absolute_error")
    print((-s).round(), (-s).mean().round())
```

ಇಲ್ಲಿ `t` ಎಂಬುದು ಬರೀ ದಿನದ ಕ್ರಮಸಂಖ್ಯೆ. ಸೋರಿಕೆ ಸ್ಪಷ್ಟವಾಗಿ ಕಾಣಲೆಂದೇ ಅದನ್ನು ಸೇರಿಸಿದ್ದೇನೆ. ಕಲಸಿದ ಪರೀಕ್ಷೆಯ ಸರಾಸರಿ ತಪ್ಪು 422ಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ. ಕಾರಣ ಸರಳ: ಅಕ್ಕಪಕ್ಕದ ಎರಡು ಸಾಲುಗಳ ಏಳು ದಿನದ ವ್ಯತ್ಯಾಸಗಳಲ್ಲಿ ಆರು ದಿನಗಳ ಏರಿಳಿತ ಎರಡಕ್ಕೂ ಸಾಮಾನ್ಯ, ಆದ್ದರಿಂದ ಒಂದರ ಉತ್ತರ ಗೊತ್ತಿದ್ದರೆ ಇನ್ನೊಂದರ ಬಹುಪಾಲು ಗೊತ್ತಾದಂತೆ. ಕಾಲಕ್ರಮದ ಪರೀಕ್ಷೆಯಲ್ಲಿ ಅದೇ ಮಾದರಿಯ ತಪ್ಪು 422ರ ಆಸುಪಾಸಿಗೆ ಅಥವಾ ಅದಕ್ಕಿಂತ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಫಾರೆಸ್ಟ್ ಕಲಿತದ್ದು ಬರೀ ಗದ್ದಲವನ್ನು. ಊಹಿಸಲು ಏನೂ ಇಲ್ಲದ ಕಡೆ ಗೆಲುವನ್ನು ತೋರಿಸುವ ಪರೀಕ್ಷೆ ನಿಜವಾದ ಧಾರಣೆಯ ಬಗ್ಗೆ ಹೇಳುವ ಮಾತಿಗೂ ಬೆಲೆಯಿಲ್ಲ.

ಇದೇ ಉಪಾಯವನ್ನು ನಿಮ್ಮ ನಿಜವಾದ ದತ್ತಾಂಶಕ್ಕೂ ಬಳಸಬಹುದು. ದಿನದ ಕ್ರಮಸಂಖ್ಯೆಯನ್ನು ಒಂದು ಅಂಕಣವಾಗಿ ಸೇರಿಸಿ ಮತ್ತೆ ಪರೀಕ್ಷಿಸಿ. ಅದರಿಂದ ಮುಂದಿನ ವಾರದ ಬಗ್ಗೆ ಹೊಸದೇನೂ ತಿಳಿಯುವಂತಿಲ್ಲ. ಆದರೂ ತಪ್ಪು ಗಣನೀಯವಾಗಿ ಇಳಿದರೆ ನಿಮ್ಮ ಪರೀಕ್ಷೆಯಲ್ಲಿ ನೆರೆಯ ದಿನಗಳಿಂದ ಉತ್ತರ ಸೋರುತ್ತಿದೆ ಎಂದೇ ಅರ್ಥ.

ಇನ್ನು ಹೋಲಿಕೆಯ ಮಾತು. ಕ್ವಿಂಟಲ್‌ಗೆ 300 ಅಥವಾ 1,500 ಎಂಬ ಅಂಕಿ ತಾನೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದೇ ಐದು ತುಂಡುಗಳಲ್ಲಿ, ಅದೇ ಸಾಲುಗಳ ಮೇಲೆ, ‘ಏಳು ದಿನದ ಮೇಲೂ ಇವತ್ತಿನ ಧಾರಣೆಯೇ’ ಎಂಬ ಸರಳ ಊಹೆಯ ತಪ್ಪನ್ನೂ ಲೆಕ್ಕ ಹಾಕಿ. ನೀವು ಹೇಳಿದ ಮೂರು ತಿಂಗಳಲ್ಲಿ ಆ ಸರಳ ಊಹೆಯ ತಪ್ಪು 1,600 ಇದ್ದಿದ್ದರೆ ನಿಮ್ಮ ಮಾದರಿ ನಿಜಕ್ಕೂ ಏನನ್ನೋ ಕಲಿತಿದೆ. 900 ಇದ್ದಿದ್ದರೆ ಮಂಡಿಯ ಫಲಕವನ್ನು ಓದಿಕೊಂಡು ಬರುವುದೇ ಮೇಲು. ಧಾರಣೆಯಂಥ ಸರಣಿಗಳಲ್ಲಿ ಈ ಸರಳ ಊಹೆಯನ್ನು ಸೋಲಿಸುವುದು ಕಷ್ಟ, ಅಲ್ಪ ಅಂತರದಿಂದ ಸೋಲಿಸಿದರೂ ಅದನ್ನು ಗೌರವದಿಂದ ನೋಡಬೇಕು.

ಪಾಲು ಮಾಡುವ ನಿಯಮವನ್ನು ಸರಿಪಡಿಸಿದ ಮೇಲೂ ಭವಿಷ್ಯ ಒಳಗೆ ಬರಲು ಇನ್ನೊಂದು ದಾರಿ ಇದೆ, ಅದು ದತ್ತಾಂಶವನ್ನು ಸಿದ್ಧಪಡಿಸುವ ಹಂತದಲ್ಲಿ. ಮಾರುಕಟ್ಟೆಗೆ ರಜೆ ಇರುತ್ತದೆ, ಕೆಲವು ದಿನ ರಾಶಿಯ ವ್ಯವಹಾರ ದಾಖಲಾಗಿರುವುದಿಲ್ಲ. ಅಂಥ ಖಾಲಿ ಜಾಗಗಳನ್ನು ಹಿಂದಿನ ಮತ್ತು ಮುಂದಿನ ಧಾರಣೆಗಳ ನಡುವೆ ಗೆರೆ ಎಳೆದಂತೆ ತುಂಬಿದರೆ, ಅಂದರೆ ಪಾಂಡಾಸ್‌ನ `interpolate()` ಬಳಸಿದರೆ, ದೀಪಾವಳಿ ರಜೆಯ ದಿನದ ಸಾಲಿನಲ್ಲೇ ರಜೆಯ ನಂತರದ ಧಾರಣೆಯ ಸುಳಿವು ಸೇರಿಬಿಡುತ್ತದೆ. `ffill()` ಬಳಸಿ ಹಿಂದಿನ ಧಾರಣೆಯನ್ನೇ ಮುಂದುವರಿಸಿ, ಇಲ್ಲವೇ ಆ ದಿನಗಳನ್ನು ಬಿಟ್ಟೇಬಿಡಿ. ಸರಾಸರಿ ತೆಗೆಯುವಾಗ `rolling(5, center=True)` ಎಂದು ಬರೆದರೆ ಐದರಲ್ಲಿ ಎರಡು ದಿನ ಮುಂದಿನವು ಬರುತ್ತವೆ. ಗ್ರಾಫ್ ಚೆನ್ನಾಗಿ ಕಾಣಲೆಂದು ಬರೆದ ಆ ಸಾಲು ಹಾಗೆಯೇ ಮಾದರಿಯೊಳಗೆ ಉಳಿದುಬಿಡುವುದುಂಟು. ಸರಾಸರಿ ಮತ್ತು ವಿಚಲನೆಯಿಂದ ಅಂಕಿಗಳನ್ನು ಒಂದೇ ಅಳತೆಗೆ ತರುವುದಿದ್ದರೆ ಆ ಲೆಕ್ಕ ಕೂಡ ಆಯಾ ತುಂಡಿನ ತರಬೇತಿ ಸಾಲುಗಳಿಂದ ಮಾತ್ರ ಆಗಬೇಕು. ಅದನ್ನು `Pipeline` ಒಳಗೆ ಇಟ್ಟರೆ ತಾನಾಗಿಯೇ ಹಾಗಾಗುತ್ತದೆ. ಈ ತಪ್ಪುಗಳಲ್ಲಿ ಒಂದನ್ನೂ `TimeSeriesSplit` ಹಿಡಿಯಲಾರದು, ಏಕೆಂದರೆ ಅದರ ಕೈಗೆ ಸಾಲುಗಳು ಬರುವ ಹೊತ್ತಿಗೆ ಭವಿಷ್ಯ ಅವುಗಳಲ್ಲಿ ಬೆರೆತಾಗಿರುತ್ತದೆ. ಪ್ರತಿ ಅಂಕಣವನ್ನೂ ಮುಂದಿಟ್ಟುಕೊಂಡು, ಆ ದಿನ ಊಹೆ ಮಾಡುವ ಗಳಿಗೆಯಲ್ಲಿ ಈ ಅಂಕಿ ನನ್ನ ಕೈಯಲ್ಲಿ ಇರುತ್ತಿತ್ತೇ ಎಂದು ಕೇಳಿಕೊಳ್ಳುವುದಕ್ಕೆ ಬೇರೆ ಬದಲಿ ಇಲ್ಲ.

ಐದು ತುಂಡುಗಳ ತಪ್ಪನ್ನು ಒಂದೇ ಸರಾಸರಿಗೆ ಇಳಿಸುವ ಮುನ್ನ ಬಿಡಿಬಿಡಿಯಾಗಿ ನೋಡಿ. ಸಾಮಾನ್ಯ ಕೆ-ಫೋಲ್ಡ್‌ನಲ್ಲಿ ಐದೂ ಮಾದರಿಗಳು ಸಮಾನ ಗಾತ್ರದ ದತ್ತಾಂಶದಿಂದ ಕಲಿತಿರುತ್ತವೆ, ಇಲ್ಲಿ ಹಾಗಲ್ಲ. ಮೊದಲ ತುಂಡಿನಲ್ಲಿ ಮಾದರಿ ಒಂದೇ ವರ್ಷವನ್ನು ಕಂಡಿರುತ್ತದೆ, ಆದ್ದರಿಂದ ಅಲ್ಲಿ ತಪ್ಪು ಹೆಚ್ಚಿದ್ದರೆ ಅಚ್ಚರಿಯಿಲ್ಲ. ತಪ್ಪು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದರೆ ಹೆಚ್ಚಿನ ದತ್ತಾಂಶದಿಂದ ಲಾಭವಾಗುತ್ತಿದೆ ಎನ್ನಬಹುದು. ಕೊನೆಯ ಎರಡು ತುಂಡುಗಳಲ್ಲಿ ಅದು ಮತ್ತೆ ಏರಿದರೆ, ಮತ್ತು ಸರಳ ಊಹೆಯ ತಪ್ಪು ಅಷ್ಟು ಏರದಿದ್ದರೆ, ಹಳೆಯ ವರ್ಷಗಳ ಮಾರುಕಟ್ಟೆ ಇಂದಿನದಕ್ಕೆ ಹೊಂದುತ್ತಿಲ್ಲ ಎಂದು ತಿಳಿಯಬೇಕು. ಆಗ `max_train_size=500` ಎಂದು ಕೊಟ್ಟು, ಪ್ರತಿ ಸಲವೂ ಹತ್ತಿರದ ಎರಡು ವರ್ಷಗಳಿಂದ ಮಾತ್ರ ಕಲಿಯುವಂತೆ ಮಾಡಿ ಹೋಲಿಸಿ ನೋಡಿ. ಯಾವುದು ಮೇಲು ಎಂಬುದನ್ನು ಮೊದಲೇ ಹೇಳಲು ಬರುವುದಿಲ್ಲ, ಅದನ್ನು ಅಳೆದೇ ತಿಳಿಯಬೇಕು.

ಕಾಲಕ್ರಮದ ದತ್ತಾಂಶ ಎಂದ ಕೂಡಲೇ ಕೆ-ಫೋಲ್ಡ್ ಯಾವಾಗಲೂ ನಿಷಿದ್ಧ ಎಂದೂ ತಿಳಿಯಬೇಡಿ. ಬರ್ಗ್‌ಮೈರ್, ಹೈಂಡ್‌ಮನ್ ಮತ್ತು ಕೂ ಅವರು 2018ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹಿಂದಿನ ಮೌಲ್ಯಗಳಿಂದಷ್ಟೇ ಮುಂದಿನದನ್ನು ಊಹಿಸುವ ಮಾದರಿಯ ಉಳಿಕೆ ತಪ್ಪುಗಳಲ್ಲಿ ಪರಸ್ಪರ ಸಂಬಂಧವಿಲ್ಲದಿದ್ದರೆ ಸಾಮಾನ್ಯ ಕೆ-ಫೋಲ್ಡ್ ಕೂಡ ಸಲ್ಲುತ್ತದೆ ಎಂದು ತೋರಿಸಿದ್ದಾರೆ. ಈ ರಿಯಾಯಿತಿ ನಿಮಗೆ ದೊರೆಯುವುದಿಲ್ಲ. ನಿಮ್ಮದು ಒಂದು ದಿನದಾಚೆಯ ಊಹೆಯಲ್ಲ, ಏಳು ದಿನದ್ದು. ಮೇಲೆ ಹೇಳಿದಂತೆ ಪಕ್ಕದ ಸಾಲುಗಳ ಉತ್ತರಗಳಲ್ಲಿ ಆರು ದಿನಗಳು ಒಂದರ ಮೇಲೊಂದು ಬೀಳುವುದರಿಂದ ಅವುಗಳ ತಪ್ಪುಗಳೂ ಒಟ್ಟೊಟ್ಟಿಗೆ ಸಾಗುತ್ತವೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿಯಿದೆ. ಮರಗಳ ಆಳ, `min_samples_leaf` ಮುಂತಾದವನ್ನು ಆರಿಸಲೂ ನೀವು ಅದೇ ಕಲಸಿದ ಪರೀಕ್ಷೆಯನ್ನು ಬಳಸಿದ್ದರೆ, ಆಯ್ಕೆ ಕೂಡ ಕೆಟ್ಟಿರುತ್ತದೆ. ಅಂಥ ಪರೀಕ್ಷೆಯಲ್ಲಿ ಪಕ್ಕದ ದಿನವನ್ನು ಕರಾರುವಾಕ್ಕಾಗಿ ನೆನಪಿಟ್ಟುಕೊಳ್ಳುವ ಆಳವಾದ ಮರಗಳಿಗೆ, ಒಂದೊಂದೇ ಸಾಲಿರುವ ಎಲೆಗಳಿಗೆ ಬಹುಮಾನ ಸಿಗುತ್ತದೆ. ಮುಂದಿನ ವಾರವನ್ನು ಊಹಿಸಲು ಬೇಕಾದದ್ದು ಬಹುಮಟ್ಟಿಗೆ ಇದರ ವಿರುದ್ಧದ ಗುಣ. ಆದ್ದರಿಂದ ಹಳೆಯ ಆಯ್ಕೆಗಳನ್ನು ಹಾಗೆಯೇ ಇಟ್ಟುಕೊಂಡು ಪರೀಕ್ಷೆಯನ್ನು ಮಾತ್ರ ಬದಲಿಸಿದರೆ ಸಾಲದು. ಮೊದಲು ಕೊನೆಯ 250 ಸಾಲುಗಳನ್ನು ಪೂರ್ತಿ ಎತ್ತಿಡಿ. ಉಳಿದ 1,250ರ ಮೇಲೆ ಕಾಲಕ್ರಮದ ಪರೀಕ್ಷೆಯಿಂದ ಎಲ್ಲ ಆಯ್ಕೆಗಳನ್ನೂ ಹೊಸದಾಗಿ ಮಾಡಿ, ಒಂದು ಸರಳ ರೇಖೀಯ ಮಾದರಿಯನ್ನೂ ಸ್ಪರ್ಧೆಯಲ್ಲಿ ಸೇರಿಸಿ. ಗೆದ್ದದ್ದಕ್ಕೆ ಅದೇ ಏಳು ಸಾಲುಗಳ ಅಂತರ ಬಿಟ್ಟು ತರಬೇತಿ ಕೊಟ್ಟು, ಎತ್ತಿಟ್ಟ ವರ್ಷದ ಮೇಲೆ ಒಂದೇ ಒಂದು ಸಲ ಅಳೆಯಿರಿ, ಆಮೇಲೆ ಏನನ್ನೂ ತಿದ್ದಬೇಡಿ. ನಿಮ್ಮ ಪ್ರಬಂಧದಲ್ಲಿ ಬರೆಯಬೇಕಾದ್ದು ಆ ವರ್ಷದ ತಪ್ಪನ್ನು, ಅದರ ಪಕ್ಕದಲ್ಲೇ ಅದೇ ವರ್ಷಕ್ಕೆ ಸರಳ ಊಹೆಯ ತಪ್ಪನ್ನು. ಬಳಕೆಗೆ ಇಳಿಸುವ ಮಾದರಿಗೆ ಮಾತ್ರ, ಅಳತೆ ಮುಗಿದ ಮೇಲೆ, ಅದೇ ಆಯ್ಕೆಗಳೊಡನೆ 1,500 ಸಾಲುಗಳಿಂದಲೂ ತರಬೇತಿ ಕೊಡಬಹುದು.